ಇಮೇಲ್‌ನಲ್ಲಿ ಬಂದ ಬಿಲ್ ಅಸಲಿಯೋ, ತಿದ್ದಿದ್ದೋ? ಪಿಡಿಎಫ್‌ನ ಡಿಜಿಟಲ್ ಸಹಿ ನೋಡುವ ಕ್ರಮ

ಸಗಟು ವ್ಯಾಪಾರಿಗಳು ಈಗ ಸರಕಿನ ಲಾರಿ ಹೊರಡುವ ಮೊದಲೇ ಬಿಲ್ಲನ್ನು ಇಮೇಲ್ ಮಾಡಿಬಿಡುತ್ತಾರೆ. ಬಿಲ್ ಪಿಡಿಎಫ್ ರೂಪದಲ್ಲಿ ಇರುತ್ತದೆ. ವರ್ಡ್ ಅಥವಾ ಎಕ್ಸೆಲ್ ಫೈಲ್ ಆದರೆ ಯಾರಾದರೂ ತಿದ್ದಬಹುದು, ಪಿಡಿಎಫ್ ಆದರೆ ತಿದ್ದೋಕೆ ಆಗಲ್ಲ ಎನ್ನುವ ನಂಬಿಕೆ ಅಂಗಡಿಕಾರರಲ್ಲಿ ಬಹಳ ಮಂದಿಗೆ ಇದೆ. ಇದು ತಪ್ಪು ತಿಳಿವಳಿಕೆ. ಸಾಮಾನ್ಯ ಪಿಡಿಎಫ್‌ನಲ್ಲಿರುವ ಅಂಕಿಯನ್ನು ಬದಲಿಸಲು ಯಾವುದಾದರೂ ಒಂದು ಪಿಡಿಎಫ್ ಎಡಿಟರ್ ಮತ್ತು ಎರಡು ನಿಮಿಷ ಸಾಕು. ಬದಲಿಸಿದ ಮೇಲೆ ಅಕ್ಷರದ ಗಾತ್ರ, ಬಣ್ಣ, ಲೋಗೋ ಎಲ್ಲ ಮೊದಲಿನ ಹಾಗೇ ಇರುತ್ತದೆ. ಕಣ್ಣಿಂದ ನೋಡಿ ಕಂಡುಹಿಡಿಯುವುದು ಕಷ್ಟ.

ತಿದ್ದಿದ್ದನ್ನು ಪತ್ತೆ ಹಚ್ಚಲು ಇರುವ ಸಾಧನವೇ ಡಿಜಿಟಲ್ ಸಹಿ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ತೆರೆಯ ಮೇಲೆ ಬರುವ ಹಸಿರು, ಹಳದಿ, ಕೆಂಪು ಗುರುತುಗಳ ಅರ್ಥವೇನು ಎಂಬ ವಿವರ ಇಲ್ಲಿದೆ.

ಬದಲಾಗುವುದು ಮೊತ್ತವಲ್ಲ, ಖಾತೆ ನಂಬರ್

ಉದಾಹರಣೆಗೆ, ಹೊನ್ನಾಳಿಯ ಒಂದು ಹಾರ್ಡ್‌ವೇರ್ ಅಂಗಡಿ ದಾವಣಗೆರೆಯ ಸಗಟು ವ್ಯಾಪಾರಿಯಿಂದ ಪಿವಿಸಿ ಪೈಪ್ ತರಿಸುತ್ತದೆ ಎಂದುಕೊಳ್ಳಿ. ಸರಕಿನ ಬೆಲೆ 2,40,000 ರೂಪಾಯಿ. ಅದರ ಮೇಲೆ ಶೇ 9ರಂತೆ ಸಿಜಿಎಸ್‌ಟಿ 21,600, ಎಸ್‌ಜಿಎಸ್‌ಟಿ 21,600. ಒಟ್ಟು 2,83,200 ರೂಪಾಯಿ. ಬಿಲ್ಲಿನ ಕೆಳಗಡೆ ಸಗಟು ವ್ಯಾಪಾರಿಯ ಬ್ಯಾಂಕ್ ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಕೋಡ್ ಇದೆ. ಬೆಳಿಗ್ಗೆ 11ಕ್ಕೆ ಬಿಲ್ ಮೇಲ್‌ಗೆ ಬಂತು. ಮಧ್ಯಾಹ್ನ 3ಕ್ಕೆ ಇನ್ನೊಂದು ಮೇಲ್: "ಸಾರ್, ನಮ್ಮ ಹಳೇ ಖಾತೆ ಆಡಿಟ್‌ನಲ್ಲಿದೆ, ದಯವಿಟ್ಟು ಈ ಬಿಲ್‌ನಲ್ಲಿರೋ ಖಾತೆಗೆ ಹಾಕಿ."

ಎರಡನೇ ಬಿಲ್ ತೆರೆದು ನೋಡಿದರೆ ಬಿಲ್ ನಂಬರ್ ಅದೇ, ತಾರೀಖು ಅದೇ, ಜಿಎಸ್‌ಟಿಐಎನ್ ಅದೇ, ಮೊತ್ತವೂ ಅದೇ. ಅಂಗಡಿಯವರು ಆರ್ಡರ್ ಪುಸ್ತಕ ತೆಗೆದು ತಾಳೆ ನೋಡಿದರೂ ಎಲ್ಲ ಸರಿಹೊಂದುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಐಎನ್ ಹಾಕಿ ನೋಡಿದರೆ ಸಗಟು ವ್ಯಾಪಾರಿಯ ಹೆಸರೇ ಬರುತ್ತದೆ, ಯಾಕೆಂದರೆ ಅದು ಅಸಲಿ ನಂಬರೇ. ಬದಲಾಗಿರುವುದು ಕೆಳಗಿನ ಎರಡು ಸಾಲು ಮಾತ್ರ, ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ.

ಮೋಸಗಾರನಿಗೆ ಅಸಲಿ ಬಿಲ್ ಸಿಕ್ಕಿದ್ದಾದರೂ ಹೇಗೆ? ಸಾಮಾನ್ಯವಾಗಿ ಎರಡು ಕಡೆಯವರಲ್ಲಿ ಒಬ್ಬರ ಇಮೇಲ್ ಪಾಸ್‌ವರ್ಡ್ ಅವನ ಕೈಗೆ ಸಿಕ್ಕಿರುತ್ತದೆ. ವಾರಗಟ್ಟಲೆ ಸುಮ್ಮನೆ ಮೇಲ್ ಓದುತ್ತಾ ಕೂತು, ದೊಡ್ಡ ಮೊತ್ತದ ಬಿಲ್ ಬಂದ ದಿನ ಅದನ್ನು ಇಳಿಸಿಕೊಂಡು, ತಿದ್ದಿ, ಒಂದೇ ಅಕ್ಷರ ವ್ಯತ್ಯಾಸ ಇರುವ ವಿಳಾಸದಿಂದಲೋ ಅಥವಾ ಅದೇ ವಿಳಾಸದಿಂದಲೋ ಕಳಿಸುತ್ತಾನೆ. ಆದ್ದರಿಂದ "ಅವರ ಮೇಲ್‌ನಿಂದಲೇ ಬಂದಿದೆಯಲ್ಲ" ಎನ್ನುವುದು ಗಟ್ಟಿ ಆಧಾರ ಅಲ್ಲ.

ಇನ್ನೊಂದು ವಿಷಯ ಅಂಗಡಿಕಾರರು ಗಮನಿಸಬೇಕು. ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಹೆಸರಿನ ಜಾಗದಲ್ಲಿ ಸಗಟು ವ್ಯಾಪಾರಿಯ ಹೆಸರನ್ನೇ ಸರಿಯಾಗಿ ಬರೆದಿದ್ದರೂ, ನಂಬರ್ ಯಾರದ್ದೋ ಅವರಿಗೇ ದುಡ್ಡು ಹೋಗುತ್ತದೆ.

ಪಾಸ್‌ವರ್ಡ್ ಹಾಕಿದರೆ ಸಾಲದೇ?

ಸಾಲುವುದಿಲ್ಲ. ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಇರುತ್ತವೆ. ಒಂದು, ಫೈಲ್ ತೆರೆಯುವುದಕ್ಕೇ ಕೇಳುವ ಪಾಸ್‌ವರ್ಡ್. ಇ-ಆಧಾರ್ ಇಳಿಸಿಕೊಂಡಾಗ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ ಹಾಕುತ್ತಾರಲ್ಲ, ಅದು ಈ ಬಗೆ. ಪಾಸ್‌ವರ್ಡ್ ಗೊತ್ತಿಲ್ಲದವರು ಓದಲಾರರು, ಅಷ್ಟೇ. ಗೊತ್ತಿರುವವನು ತೆರೆದು, ತಿದ್ದಿ, ಮತ್ತೆ ಅದೇ ಪಾಸ್‌ವರ್ಡ್ ಹಾಕಿ ಕಳಿಸಬಹುದು. ಬಿಲ್ಲಿನ ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆದು ಕಳಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಮೇಲ್ ಓದುತ್ತಿರುವ ಕಳ್ಳನಿಗೆ ಬೀಗದ ಜೊತೆ ಕೀಲಿಯನ್ನೂ ಕೊಟ್ಟಂತಾಯಿತು.

ಎರಡನೆಯದು ತಿದ್ದದಂತೆ, ಪ್ರಿಂಟ್ ತೆಗೆಯದಂತೆ ಹಾಕುವ ಪಾಸ್‌ವರ್ಡ್. ಫೈಲ್ ಎಲ್ಲರಿಗೂ ತೆರೆದುಕೊಳ್ಳುತ್ತದೆ, ಆದರೆ ತಿದ್ದಲು ಹೋದರೆ ಬೇಡ ಅನ್ನುತ್ತದೆ. ಇದು ನಿಜವಾದ ಬೀಗ ಅಲ್ಲ, ಬಾಗಿಲಿಗೆ ಅಂಟಿಸಿದ "ಒಳಗೆ ಬರಬೇಡಿ" ಚೀಟಿ ಇದ್ದ ಹಾಗೆ. ಆ ಚೀಟಿಗೆ ಮರ್ಯಾದೆ ಕೊಡುವುದು ಬಿಡುವುದು ಫೈಲ್ ತೆರೆದ ಸಾಫ್ಟ್‌ವೇರ್‌ಗೆ ಬಿಟ್ಟಿದ್ದು. ಮರ್ಯಾದೆ ಕೊಡದ ಉಚಿತ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಹಾಗಾಗಿ ಈ ಪಾಸ್‌ವರ್ಡ್ ನಂಬಿಕೊಂಡು ಕೂರುವ ಹಾಗಿಲ್ಲ.

ಡಿಜಿಟಲ್ ಸಹಿ ಮಾಡುವುದೇನು?

ಡಿಜಿಟಲ್ ಸಹಿ ಅಂದರೆ ಬಿಲ್ಲಿನ ಮೇಲೆ ಕಾಣುವ ಸಹಿಯ ಚಿತ್ರ ಅಲ್ಲ. ಸಹಿ ಮಾಡುವಾಗ ಕಂಪ್ಯೂಟರ್ ಇಡೀ ಫೈಲನ್ನು, ಸಹಿ ಕೂರುವ ಜಾಗ ಒಂದನ್ನು ಬಿಟ್ಟು, ಓದಿ ಅದರಿಂದ ಒಂದು ಉದ್ದನೆಯ ಸಂಖ್ಯೆ ತೆಗೆಯುತ್ತದೆ. ಇದನ್ನು ಹ್ಯಾಶ್ ಎನ್ನುತ್ತಾರೆ, ಫೈಲಿನ ಬೆರಳಚ್ಚು ಎಂದರೂ ಸರಿ. ಆ ಬೆರಳಚ್ಚನ್ನು ಸಹಿದಾರನ ಹತ್ತಿರ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತಿ ಫೈಲಿನೊಳಗೇ ಇಡುತ್ತದೆ. ಬಿಲ್ ಪಡೆದವರ ಕಂಪ್ಯೂಟರ್ ಮತ್ತೊಮ್ಮೆ ಫೈಲ್ ಓದಿ ಬೆರಳಚ್ಚು ತೆಗೆದು, ಒಳಗೆ ಮುದ್ರೆ ಒತ್ತಿದ ಬೆರಳಚ್ಚಿನ ಜೊತೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ಫೈಲ್ ಬದಲಾಗಿಲ್ಲ.

ಬೆರಳಚ್ಚು ಎಷ್ಟು ಸೂಕ್ಷ್ಮ ಅನ್ನುವುದನ್ನು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ವಿಂಡೋಸ್ ಕಂಪ್ಯೂಟರ್‌ನಲ್ಲಿ `cmd` ತೆರೆದು, ಫೈಲ್ ಇರುವ ಫೋಲ್ಡರ್‌ನಲ್ಲಿ ಹೀಗೆ ಟೈಪ್ ಮಾಡಿದರೆ 64 ಅಕ್ಷರ ಮತ್ತು ಅಂಕಿಗಳ ಸಾಲು ಬರುತ್ತದೆ:

```
certutil -hashfile bill.pdf SHA256
```

ಬಿಲ್ಲಿನ ಒಂದೇ ಒಂದು ಅಂಕಿ ಬದಲಿಸಿ ಸೇವ್ ಮಾಡಿ ಮತ್ತೆ ನೋಡಿದರೆ ಇಡೀ ಸಾಲೇ ಬೇರೆ ಆಗಿರುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಡಿಜಿಟಲ್ ಸಹಿ ತಿದ್ದುವುದನ್ನು ತಡೆಯುವುದಿಲ್ಲ. ತಿದ್ದಿದರೆ ಗೊತ್ತಾಗುವಂತೆ ಮಾಡುತ್ತದೆ. ಅಂಚೆ ಲಕೋಟೆಯ ಅರಗಿನ ಮುದ್ರೆ ಇದ್ದ ಹಾಗೆ. ಒಡೆಯುವವನು ಒಡೆಯಬಹುದು, ಆದರೆ ಮುದ್ರೆ ನೋಡುವ ಅಭ್ಯಾಸ ಪಡೆದವರಿಗೆ ಇರಬೇಕು. ನೋಡದೇ ಹಣ ಕಳಿಸಿದರೆ ಸಹಿ ಇದ್ದೂ ಪ್ರಯೋಜನ ಇಲ್ಲ.

ಎಲ್ಲಿ ನೋಡಬೇಕು?

ಜಿಮೇಲ್‌ನಲ್ಲಿ ಫೈಲ್ ಮೇಲೆ ಒತ್ತಿದಾಗ ಬರುವ ಮುನ್ನೋಟ, ಕ್ರೋಮ್ ಬ್ರೌಸರ್ ಇವೆಲ್ಲ ಬಿಲ್ ತೋರಿಸುತ್ತವೆ, ಸಹಿಯನ್ನು ಪರೀಕ್ಷೆ ಮಾಡುವುದಿಲ್ಲ. ಫೋನಿನಲ್ಲಿ ಪಿಡಿಎಫ್ ತೆರೆಯುವ ಹೆಚ್ಚಿನ ಆ್ಯಪ್‌ಗಳದ್ದೂ ಇದೇ ಕಥೆ. ಆದ್ದರಿಂದ ಫೈಲನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಅಡೋಬಿ ರೀಡರ್‌ನಲ್ಲಿ ತೆರೆಯಬೇಕು. ಇದು ಉಚಿತ. ಸಹಿ ಇದ್ದರೆ ಬಿಲ್ಲಿನ ಮೇಲ್ಗಡೆ ಒಂದು ಪಟ್ಟಿ ಬರುತ್ತದೆ, ಅದರ ಬಲಕ್ಕೆ `Signature Panel` ಎಂಬ ಗುಂಡಿ ಇರುತ್ತದೆ.

ಪಟ್ಟಿಯಲ್ಲಿ `Signed and all signatures are valid` ಎಂದು ಹಸಿರು ಟಿಕ್ ಜೊತೆ ಬಂದರೆ ಫೈಲ್ ಬದಲಾಗಿಲ್ಲ ಮತ್ತು ಸಹಿದಾರನ ಪ್ರಮಾಣಪತ್ರವನ್ನು ಈ ಕಂಪ್ಯೂಟರ್ ನಂಬುತ್ತದೆ ಎಂದರ್ಥ. ಇದೇ ಸಾಲಿನ ಕೊನೆಗೆ `but with unsigned changes after the last signature` ಎಂದು ಬಾಲ ಸೇರಿಕೊಂಡಿದ್ದರೆ ಎಚ್ಚರ. ಸಹಿ ಆದ ಮೇಲೆ ಯಾರೋ ಫೈಲಿಗೆ ಏನನ್ನೋ ಸೇರಿಸಿದ್ದಾರೆ. ಅದು ಬರೀ ಟಿಪ್ಪಣಿ ಇರಬಹುದು. ಆದರೆ ಖಾತೆ ನಂಬರಿನ ಮೇಲೆ ಬಿಳಿ ಚೌಕ ಕೂರಿಸಿ ಅದರೊಳಗೆ ಬೇರೆ ನಂಬರ್ ಬರೆಯುವುದಕ್ಕೂ ಟಿಪ್ಪಣಿಯ ಸೌಲಭ್ಯವೇ ಸಾಕು. ಇಂಥಾ ವೇಳೆ ಸಹಿ ಪ್ಯಾನೆಲ್‌ನಲ್ಲಿ ಸಹಿಯ ಮೇಲೆ ರೈಟ್ ಕ್ಲಿಕ್ ಮಾಡಿ `View Signed Version` ಒತ್ತಿದರೆ ಸಹಿ ಮಾಡಿದ ಕ್ಷಣದಲ್ಲಿ ಬಿಲ್ ಹೇಗಿತ್ತೋ ಹಾಗೇ ತೆರೆದುಕೊಳ್ಳುತ್ತದೆ. ಪಿಡಿಎಫ್‌ನಲ್ಲಿ ಸಹಿಯ ನಂತರದ ಸೇರ್ಪಡೆಗಳು ಫೈಲಿನ ಕೊನೆಗೆ ಅಂಟಿಕೊಳ್ಳುವುದರಿಂದ ಹಳೆಯ ರೂಪ ಒಳಗೇ ಉಳಿದಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಕೈಯಾಡಿಸಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತದೆ.

`At least one signature is invalid` ಎಂದು ಕೆಂಪು ಗುರುತು ಬಂದರೆ, ಒಳಗೆ `The document has been altered or corrupted since the signature was applied` ಎಂಬ ಸಾಲು ಇದ್ದರೆ, ಆ ಫೈಲ್ ನಂಬುವಂತಿಲ್ಲ. ಅಪರೂಪಕ್ಕೆ ಇಳಿಸಿಕೊಳ್ಳುವಾಗ ಫೈಲ್ ಕೆಟ್ಟರೂ ಹೀಗಾಗಬಹುದು. ಮೇಲ್‌ನಿಂದ ಇನ್ನೊಂದು ಸಲ ಇಳಿಸಿ ನೋಡಿ, ಮತ್ತೆ ಕೆಂಪೇ ಬಂದರೆ ಹಣ ಕಳಿಸಬಾರದು.

ರೀಡರ್ ಹಳೇ ಆವೃತ್ತಿ ಆಗಿರಬಾರದು. ಜರ್ಮನಿಯ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತಿದ್ದಿದ ಪಿಡಿಎಫ್‌ಗೂ ಸಹಿ ಸರಿ ಇದೆ ಎಂದು ತೋರಿಸುವಂತೆ ಕಂಪ್ಯೂಟರ್‌ನ 22 ಪಿಡಿಎಫ್ ರೀಡರ್‌ಗಳಲ್ಲಿ 21ನ್ನು ಮೋಸಗೊಳಿಸಲು ಸಾಧ್ಯವಾಗಿತ್ತು. ಕಂಪನಿಗಳು ಆಮೇಲೆ ದುರಸ್ತಿ ಬಿಡುಗಡೆ ಮಾಡಿದವು. ಅಂಗಡಿಯ ಕಂಪ್ಯೂಟರ್‌ನಲ್ಲಿ ಹತ್ತು ವರ್ಷದ ಹಿಂದಿನ ರೀಡರ್ ಇದ್ದರೆ ಆ ದುರಸ್ತಿ ಅದಕ್ಕೆ ತಲುಪಿರುವುದಿಲ್ಲ.

ಹಳದಿ ಪ್ರಶ್ನೆ ಚಿಹ್ನೆಯ ಗೊಂದಲ

ಜನರಿಗೆ ಹೆಚ್ಚು ಗೊಂದಲ ಆಗುವುದು ಇಲ್ಲಿಯೇ, ಮೋಸಗಾರನಿಗೆ ಅನುಕೂಲ ಆಗುವುದೂ ಇಲ್ಲಿಯೇ. ಸೈಬರ್ ಸೆಂಟರ್‌ನಲ್ಲಿ ಇ-ಆಧಾರ್ ಪ್ರಿಂಟ್ ತೆಗೆಸಿದವರು ಸಹಿಯ ಜಾಗದಲ್ಲಿ `Validity unknown` ಎಂಬ ಬರಹ, ಪಕ್ಕದಲ್ಲೊಂದು ಹಳದಿ ಪ್ರಶ್ನೆ ಚಿಹ್ನೆ ನೋಡಿರುತ್ತಾರೆ. ಆಧಾರ್ ಅಸಲಿಯೇ, ಸಹಿಯೂ ಅಸಲಿಯೇ. ಆದರೆ ಸಹಿದಾರನ ಪ್ರಮಾಣಪತ್ರ ಕೊಟ್ಟವರು ಯಾರು ಎಂಬುದು ಆ ಕಂಪ್ಯೂಟರ್‌ಗೆ ಗೊತ್ತಿಲ್ಲ, ಅದಕ್ಕೇ ಪ್ರಶ್ನೆ ಚಿಹ್ನೆ.

ನಮ್ಮ ದೇಶದಲ್ಲಿ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಅದರಡಿ ಕೇಂದ್ರ ಸರ್ಕಾರದ ಸಿಸಿಎ ಎಂಬ ನಿಯಂತ್ರಕರ ಕಚೇರಿ ಇದೆ. ಸಿಸಿಎ ಕೆಲವು ಸಂಸ್ಥೆಗಳಿಗೆ ಪರವಾನಗಿ ಕೊಡುತ್ತದೆ. ಬೆಂಗಳೂರಿನ ಇಮುದ್ರ, ಸರ್ಕಾರಿ ವಲಯದ ಸಿ-ಡ್ಯಾಕ್ ಅಂಥವು. ಆ ಸಂಸ್ಥೆಗಳು ಗುರುತು ಪರಿಶೀಲಿಸಿ ವ್ಯಾಪಾರಿಗೆ ಪ್ರಮಾಣಪತ್ರ, ಅಂದರೆ ಎಲ್ಲರೂ ಡಿಎಸ್‌ಸಿ ಎನ್ನುವುದನ್ನು, ಕೊಡುತ್ತವೆ. ಹೀಗೆ ವ್ಯಾಪಾರಿಯಿಂದ ಸಂಸ್ಥೆಗೆ, ಸಂಸ್ಥೆಯಿಂದ ಸಿಸಿಎಗೆ ಒಂದು ಸರಪಳಿ. ಸರಪಳಿಯ ತುದಿ ಕಂಪ್ಯೂಟರ್‌ಗೆ ಪರಿಚಯ ಆಗುವ ತನಕ ಎಲ್ಲ ಸಹಿಯೂ ಹಳದಿಯಾಗಿಯೇ ಕಾಣುತ್ತದೆ.

ಈಗ ಮೋಸಗಾರನ ಕೈಚಳಕ ನೋಡಿ. ಅಡೋಬಿಯಲ್ಲೇ ಯಾರು ಬೇಕಾದರೂ, ಯಾವ ಹೆಸರಿನಲ್ಲಿ ಬೇಕಾದರೂ, ಒಂದು ನಿಮಿಷದಲ್ಲಿ ತಾನೇ ತನಗೆ ಪ್ರಮಾಣಪತ್ರ ಮಾಡಿಕೊಳ್ಳಬಹುದು. ದಾವಣಗೆರೆ ವ್ಯಾಪಾರಿಯ ಹೆಸರನ್ನೇ ಟೈಪ್ ಮಾಡಿ, ತಿದ್ದಿದ ಬಿಲ್ಲಿಗೆ ಆ ಸಹಿ ಹಾಕಿ ಕಳಿಸಿದರೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಏನು ಕಾಣುತ್ತದೆ? ಅದೇ ಹೆಸರು, ಅದೇ ಹಳದಿ ಪ್ರಶ್ನೆ ಚಿಹ್ನೆ. "ಇದು ಯಾವಾಗಲೂ ಹೀಗೇ ಬರೋದು ಬಿಡಿ" ಎಂದು ರೂಢಿಯಾದವರು ಇಲ್ಲೇ ಬೀಳುತ್ತಾರೆ.

ಬೇರ್ಪಡಿಸುವುದು ಸುಲಭ. ಸಹಿಯ ಮೇಲೆ ಒತ್ತಿ `Signature Properties`, ಆಮೇಲೆ `Show Signer's Certificate` ತೆರೆಯಿರಿ. ಎಡಗಡೆ ಸರಪಳಿ ಕಾಣುತ್ತದೆ. ಅಸಲಿ ಡಿಎಸ್‌ಸಿ ಆದರೆ ಕೆಳಗೆ ಸಹಿದಾರನ ಹೆಸರು, ನಡುವೆ ಪರವಾನಗಿ ಪಡೆದ ಸಂಸ್ಥೆ, ತುದಿಯಲ್ಲಿ `CCA India` ಎಂಬ ಹೆಸರು ಮತ್ತು ಒಂದು ಇಸವಿ ಇರುತ್ತದೆ. ತಾನೇ ಮಾಡಿಕೊಂಡ ಪ್ರಮಾಣಪತ್ರದಲ್ಲಿ ಸರಪಳಿಯೇ ಇಲ್ಲ, ಒಂದೇ ಹೆಸರು. ಕೊಟ್ಟವರು ಯಾರು ಎಂಬ ಜಾಗದಲ್ಲೂ ಪಡೆದವರ ಹೆಸರೇ ಇರುತ್ತದೆ.

ಇದಕ್ಕಿಂತ ಒಳ್ಳೆ ದಾರಿ, ಸಿಸಿಎಯ ಮೂಲ ಪ್ರಮಾಣಪತ್ರವನ್ನು ಕಂಪ್ಯೂಟರ್‌ಗೆ ಒಂದು ಸಲ ಪರಿಚಯ ಮಾಡಿಸಿಬಿಡುವುದು. `cca.gov.in` ತಾಣದಲ್ಲಿ ಮೂಲ ಪ್ರಮಾಣಪತ್ರಗಳು ಸಿಗುತ್ತವೆ. ಅದನ್ನು ಇಳಿಸಿ, ಅಡೋಬಿಯ `Trusted Certificates` ಪಟ್ಟಿಗೆ ಸೇರಿಸಿ, `Use this certificate as a trusted root` ಎಂಬಲ್ಲಿ ಟಿಕ್ ಹಾಕಿದರೆ ಆಯಿತು. ಬೇರೆ ಬೇರೆ ಇಸವಿಯ ಮೂಲ ಪ್ರಮಾಣಪತ್ರಗಳಿದ್ದರೆ ಪ್ರತಿಯೊಂದನ್ನೂ ಸೇರಿಸಬೇಕು. ಇಂಟರ್‌ನೆಟ್ ಸಂಪರ್ಕ ಇದ್ದರೆ ಆಮೇಲೆ ಅಸಲಿ ಡಿಎಸ್‌ಸಿ ಸಹಿಗಳು ಹಸಿರಾಗಿ ಬರುತ್ತವೆ, ನಕಲಿ ಹಳದಿಯಲ್ಲೇ ಉಳಿಯುತ್ತದೆ. ಅಲ್ಲಿಂದ ಮುಂದೆ ಹಳದಿ ಕಂಡರೆ ನಿಜವಾಗಿಯೂ ಅನುಮಾನ ಪಡಬಹುದು.

ಅನುಮಾನ ಇರುವ ಬಿಲ್ಲಿನಿಂದಲೇ ಪ್ರಮಾಣಪತ್ರ ತೆಗೆದು ನಂಬಿಕೆಯ ಪಟ್ಟಿಗೆ ಸೇರಿಸುವ ಕೆಲಸ ಮಾತ್ರ ಮಾಡಬಾರದು. `CCA India` ಎಂಬ ಹೆಸರಿನ ನಕಲಿ ಸರಪಳಿಯನ್ನೇ ಕಟ್ಟುವುದಕ್ಕೂ ಅಡ್ಡಿ ಇಲ್ಲ. ಕಳ್ಳನ ಪರಿಚಯವನ್ನು ಕಳ್ಳನ ಬಾಯಲ್ಲೇ ಕೇಳಿದಂತೆ ಆಗುತ್ತದೆ.

ಹೊನ್ನಾಳಿ ಬಿಲ್ಲಿಗೆ ಮರಳಿದರೆ

ದಾವಣಗೆರೆ ವ್ಯಾಪಾರಿ ಯಾವಾಗಲೂ ಡಿಎಸ್‌ಸಿ ಸಹಿ ಹಾಕಿಯೇ ಬಿಲ್ ಕಳಿಸುವವರಾಗಿದ್ದರೆ, ಮಧ್ಯಾಹ್ನ 3ರ ನಕಲಿ ಬಿಲ್ ನಾಲ್ಕು ರೂಪದಲ್ಲಿ ಬರಬಹುದು. ಸಹಿ ಇರುವ ಫೈಲನ್ನೇ ತಿದ್ದಿದ್ದರೆ ಕೆಂಪು ಗುರುತು ಅಥವಾ ಸೇರ್ಪಡೆಯ ಬಾಲ ಕಾಣುತ್ತದೆ. ತಾನೇ ಮಾಡಿದ ಪ್ರಮಾಣಪತ್ರದಿಂದ ಸಹಿ ಹಾಕಿದ್ದರೆ ಹಳದಿ, ಸರಪಳಿ ಇಲ್ಲ.

ಮೂರನೆಯದು, ಸಹಿಯನ್ನು ಪೂರ್ತಿ ಕಿತ್ತುಹಾಕಿದ ಬಿಲ್. ಪಿಡಿಎಫನ್ನು ಮತ್ತೊಮ್ಮೆ ಪಿಡಿಎಫ್ ಆಗಿ ಪ್ರಿಂಟ್ ಕೊಟ್ಟರೆ ಸಾಕು, ಸಹಿ ಹೋಗಿ ಬರೀ ಚಿತ್ರ ಉಳಿಯುತ್ತದೆ. ಹಾಳೆಯ ಮೇಲೆ `Digitally signed by` ಎಂಬ ಬರಹ, ಹಸಿರು ಟಿಕ್ ಎಲ್ಲ ಹಾಗೇ ಇರುತ್ತದೆ. ಆದರೆ ಮೇಲಿನ ಪಟ್ಟಿ ಬರುವುದಿಲ್ಲ, ಸಹಿಯ ಮೇಲೆ ಒತ್ತಿದರೆ ಏನೂ ಆಗುವುದಿಲ್ಲ. ಅಂಗಡಿಕಾರರು ಹೆಚ್ಚು ಏಮಾರುವ ಸಂಭವ ಇರುವುದು ಇದರಲ್ಲೇ, ಯಾಕೆಂದರೆ ಇಲ್ಲಿ ಎಚ್ಚರಿಸುವ ಯಾವ ಗುರುತೂ ಇಲ್ಲ. ಹಾಳೆಯ ಮೇಲಿನ ಟಿಕ್ ಲೆಕ್ಕಕ್ಕಿಲ್ಲ, ಪಟ್ಟಿಯಲ್ಲಿ ಬರುವ ಟಿಕ್ ಮಾತ್ರ ಲೆಕ್ಕಕ್ಕೆ.

ನಾಲ್ಕನೆಯದು, ಬೇರೊಬ್ಬನ ಅಸಲಿ ಡಿಎಸ್‌ಸಿಯಿಂದ ಹಾಕಿದ ಸಹಿ. ಇದಕ್ಕೆ ಹಸಿರು ಟಿಕ್ಕೇ ಬರುತ್ತದೆ. ಹಸಿರು ಟಿಕ್ "ಇಂಥವರು ಸಹಿ ಮಾಡಿದ್ದಾರೆ, ಆಮೇಲೆ ಬದಲಾಗಿಲ್ಲ" ಎಂದಷ್ಟೇ ಹೇಳುತ್ತದೆ, "ಇವರು ನಿಮ್ಮ ಸಗಟು ವ್ಯಾಪಾರಿ" ಎಂದು ಹೇಳುವುದಿಲ್ಲ. ಹೆಸರು ಓದುವ ಕೆಲಸ ಪಡೆದವರದೇ. ಹೋದ ತಿಂಗಳ ಬಿಲ್ ತೆರೆದು ಅದೇ ಹೆಸರು ಇದೆಯೇ ನೋಡಿದರೆ ಸಂದೇಹ ತೀರುತ್ತದೆ. ಹೆಸರು ಬೇರೆ ಇದ್ದ ಮಾತ್ರಕ್ಕೆ ಮೋಸ ಎಂದೇನಲ್ಲ, ಮಗನೋ ಅಳಿಯನೋ ಈಗ ಸಹಿ ಮಾಡುತ್ತಿರಬಹುದು. ಫೋನ್ ಮಾಡಿ ಕೇಳಬೇಕು. ಫೋನ್ ನಂಬರನ್ನು ಹೊಸ ಮೇಲ್‌ನಿಂದ ತೆಗೆದುಕೊಳ್ಳದೆ, ಮೊದಲಿಂದ ಮೊಬೈಲ್‌ನಲ್ಲಿ ಸೇವ್ ಆಗಿರುವ ನಂಬರಿಗೇ ಮಾಡಬೇಕು.

ಇನ್ನೊಂದು ತಡೆಗೋಡೆ ಬ್ಯಾಂಕಿನಲ್ಲೇ ಇದೆ. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವ ಮೊದಲು ಖಾತೆದಾರನ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಹೊಸ ಖಾತೆ ಸೇರಿಸುವಾಗ ಆ ಹೆಸರನ್ನು ನೋಡದೆ ಮುಂದೆ ಹೋಗಬಾರದು. ಸಂಸ್ಥೆಯ ಹೆಸರಿನ ಬದಲು ಎಲ್ಲಿಯದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಕ್ಯೂಆರ್ ಕೋಡ್ ಇದೆಯಲ್ಲ?

5 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ವ್ಯಾಪಾರಿಗಳು ಬೇರೆ ವ್ಯಾಪಾರಿಗಳಿಗೆ ಕೊಡುವ ಬಿಲ್ಲಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಅಂಥ ಬಿಲ್ಲಿನ ಮೇಲೆ 64 ಅಕ್ಷರಗಳ ಐಆರ್‌ಎನ್ ಮತ್ತು ಕ್ಯೂಆರ್ ಕೋಡ್ ಇರುತ್ತದೆ. ಆ ಕ್ಯೂಆರ್‌ಗೂ ಸರ್ಕಾರಿ ಪೋರ್ಟಲ್‌ನ ಡಿಜಿಟಲ್ ಸಹಿ ಇದೆ, ಇ-ಇನ್‌ವಾಯ್ಸ್ ಪೋರ್ಟಲ್‌ನವರ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದು.

ಆದರೆ ಕ್ಯೂಆರ್ ಒಳಗೆ ಇರುವುದು ಮಾರಿದವರ ಮತ್ತು ಕೊಂಡವರ ಜಿಎಸ್‌ಟಿಐಎನ್, ಬಿಲ್ ನಂಬರ್, ತಾರೀಖು, ಒಟ್ಟು ಮೊತ್ತ, ಎಷ್ಟು ಐಟಂ, ಮುಖ್ಯ ಸರಕಿನ ಎಚ್‌ಎಸ್‌ಎನ್ ಕೋಡ್ ಮತ್ತು ಐಆರ್‌ಎನ್ ವಿವರ. ಹಣ ಹಾಕಬೇಕಾದ ಬ್ಯಾಂಕ್ ಖಾತೆ ಅದರಲ್ಲಿ ಇಲ್ಲ. ಹಾಗಾಗಿ ಹೊನ್ನಾಳಿಗೆ ಬಂದ ನಕಲಿ ಬಿಲ್ಲಿನ ಕ್ಯೂಆರ್ ಸ್ಕ್ಯಾನ್ ಮಾಡಿದರೂ ಎಲ್ಲ ಸರಿಯೆಂದೇ ಬರುತ್ತದೆ. ಮೊತ್ತ ತಿದ್ದಿದ್ದರೆ ಸಿಕ್ಕಿಬೀಳುತ್ತಿತ್ತು, ಖಾತೆ ತಿದ್ದಿದ್ದು ಸಿಗುವುದಿಲ್ಲ. ಇಡೀ ಹಾಳೆಗೆ ಕಾವಲು ಬೇಕಾದರೆ ಪಿಡಿಎಫ್ ಮೇಲಿನ ಸಹಿಯೇ ಬೇಕು.

ಹಾಗಂತ ಸಹಿ ಇಲ್ಲದ ಬಿಲ್ ಕಾನೂನುಬಾಹಿರ ಅಂದುಕೊಳ್ಳಬೇಕಿಲ್ಲ. ಜಿಎಸ್‌ಟಿಯ 46ನೇ ನಿಯಮ ಬಿಲ್ಲಿನಲ್ಲಿ ಸಹಿ ಅಥವಾ ಡಿಜಿಟಲ್ ಸಹಿ ಇರಬೇಕು ಎನ್ನುತ್ತದೆ, ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ಎಲೆಕ್ಟ್ರಾನಿಕ್ ಆಗಿ ಕೊಟ್ಟ ಬಿಲ್ಲಿಗೆ ಅದರಿಂದ ವಿನಾಯಿತಿಯನ್ನೂ ಕೊಟ್ಟಿದೆ. ತೆರಿಗೆಗೆ ಸಾಕಾಗುವ ಬಿಲ್, ಹಣದ ಸುರಕ್ಷತೆಗೂ ಸಾಕು ಎಂದಲ್ಲ.

ತಾವೇ ಸಹಿ ಹಾಕಿ ಕಳಿಸಬೇಕೆಂದಿದ್ದರೆ

ಪರವಾನಗಿ ಪಡೆದ ಸಂಸ್ಥೆಗಳಿಂದ ಕ್ಲಾಸ್ 3 ಡಿಎಸ್‌ಸಿ ತೆಗೆದುಕೊಳ್ಳಬೇಕು. ಹಿಂದಿನ ಕ್ಲಾಸ್ 2 ಅನ್ನು 2021ರ ಜನವರಿ 1ರಿಂದ ಕೊಡುತ್ತಿಲ್ಲ. ಪ್ಯಾನ್, ಆಧಾರ್ ದಾಖಲೆ ಮತ್ತು ವಿಡಿಯೊ ಮೂಲಕ ಗುರುತು ಪರಿಶೀಲನೆ ಆಗುತ್ತದೆ. ಗರಿಷ್ಠ 3 ವರ್ಷದ ಅವಧಿಗೆ ಸಿಗುತ್ತದೆ. ಗುಟ್ಟಿನ ಕೀಲಿ ಪೆನ್‌ಡ್ರೈವ್‌ನಂತೆ ಕಾಣುವ ಯುಎಸ್‌ಬಿ ಟೋಕನ್ ಒಳಗೆ ಇರುತ್ತದೆ, ಅದನ್ನು ಹೊರಗೆ ಕಾಪಿ ಮಾಡಲು ಬರುವುದಿಲ್ಲ. ವೈಯಕ್ತಿಕ ಡಿಎಸ್‌ಸಿಯಲ್ಲಿ ವ್ಯಕ್ತಿಯ ಹೆಸರು ಮಾತ್ರ ಇರುತ್ತದೆ. ಸಂಸ್ಥೆಯ ಡಿಎಸ್‌ಸಿಯಲ್ಲಿ ವ್ಯಕ್ತಿಯ ಜೊತೆ ಅಂಗಡಿ ಅಥವಾ ಸಂಸ್ಥೆಯ ಹೆಸರೂ ಇರುತ್ತದೆ. ಬಿಲ್ಲಿಗೆ ಎರಡನೆಯದೇ ಒಳ್ಳೆಯದು, ಪಡೆದವರಿಗೆ ಹೆಸರು ಗುರುತಿಸುವುದು ಸುಲಭ.

ಬಿಲ್ಲನ್ನು ಪಿಡಿಎಫ್ ಮಾಡಿ, ಟೋಕನ್ ಹಾಕಿ, ಅಡೋಬಿಯಲ್ಲಿ `Use a certificate` (ಹಳೆಯ ಆವೃತ್ತಿಗಳಲ್ಲಿ `Certificates`) ತೆರೆದು `Digitally sign` ಒತ್ತಬೇಕು. ಸಹಿಯ ಜಾಗದಲ್ಲಿ ಚೌಕ ಎಳೆದು, ಪ್ರಮಾಣಪತ್ರ ಆರಿಸಿ, `Lock document after signing` ಎಂಬಲ್ಲಿ ಮರೆಯದೆ ಟಿಕ್ ಹಾಕಿ, ಸೇವ್ ಮಾಡಿ ಪಿನ್ ಕೊಟ್ಟರೆ ಮುಗಿಯಿತು. ಆ ಟಿಕ್ ಹಾಕಿದ್ದರೆ ಆಮೇಲೆ ಬಿಳಿ ಚೌಕ ಅಂಟಿಸುವ ಆಟ ನಡೆಯುವುದಿಲ್ಲ. ಪಕ್ಕದಲ್ಲೇ `Fill & Sign` ಎಂಬ ಇನ್ನೊಂದು ಸೌಲಭ್ಯ ಇದೆ. ಅದು ಸಹಿಯ ಚಿತ್ರ ಅಂಟಿಸುತ್ತದೆ ಅಷ್ಟೇ, ಯಾವ ಕಾವಲೂ ಅಲ್ಲ. ಸಹಿ ಆದ ಮೇಲೆ ಬಿಲ್ಲಿನಲ್ಲಿ ತಪ್ಪು ಕಂಡರೆ ಸಹಿ ಮಾಡಿದ ಫೈಲ್ ಮುಟ್ಟದೆ, ಹೊಸದಾಗಿ ಪಿಡಿಎಫ್ ಮಾಡಿ ಮತ್ತೆ ಸಹಿ ಹಾಕಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೋಟೊ ಅಥವಾ ಸ್ಕ್ರೀನ್‌ಶಾಟ್ ಆದರೆ ಸಹಿ ಹೋಯಿತು. ಕಾಗದದ ಪ್ರಿಂಟ್‌ಗೂ ಅದೇ ಗತಿ.

ಟೋಕನ್ ಯಾರ ಡ್ರಾಯರ್‌ನಲ್ಲಿದೆ?

ತಾಲ್ಲೂಕು ಕೇಂದ್ರಗಳಲ್ಲಿ ರಿಟರ್ನ್ ಸಲ್ಲಿಸುವವರ ಆಫೀಸಿನಲ್ಲೇ ಹಲವು ಅಂಗಡಿಗಳ ಟೋಕನ್ ಇಟ್ಟು, ಪಿನ್ ಅನ್ನು ಚೀಟಿಯಲ್ಲಿ ಬರೆದು ರಬ್ಬರ್ ಬ್ಯಾಂಡ್ ಹಾಕಿರುವುದು ಅಪರೂಪ ಅಲ್ಲ. ಅನುಕೂಲಕ್ಕೆ ಮಾಡಿದ್ದು ಸರಿ, ಆದರೆ ಆ ಟೋಕನ್‌ನಿಂದ ಆದ ಪ್ರತಿ ಸಹಿಯೂ ಮಾಲೀಕರ ಸಹಿ ಎಂದೇ ಕಾನೂನು ನೋಡುತ್ತದೆ. ಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳುವ ಜವಾಬ್ದಾರಿ ಪ್ರಮಾಣಪತ್ರ ಪಡೆದವನದೇ, ಅದು ಬೇರೆಯವರ ಕೈಗೆ ಸಿಕ್ಕಿದರೆ ತಡಮಾಡದೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕು ಎಂದು ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ತಿಳಿಸಿದರೆ ಸಂಸ್ಥೆ ಪ್ರಮಾಣಪತ್ರ ರದ್ದು ಮಾಡುತ್ತದೆ. ಟೋಕನ್ ಕಳೆದುಹೋದರೂ ಇದೇ ಕ್ರಮ. ಪಿನ್ ಪದೇ ಪದೇ ತಪ್ಪು ಹಾಕಿದರೆ ಟೋಕನ್ ಲಾಕ್ ಆಗುತ್ತದೆ ಎನ್ನುವುದೂ ಗೊತ್ತಿರಲಿ.

ಹಳೆಯ ಬಿಲ್‌ಗಳು

ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಡಬೇಕು. ಡಿಎಸ್‌ಸಿ ಅವಧಿ ಅದಕ್ಕಿಂತ ಕಡಿಮೆ. ಹಾಗಾಗಿ ಐದು ವರ್ಷದ ನಂತರ ಬಿಲ್ ತೆರೆದಾಗ ಪ್ರಮಾಣಪತ್ರದ ಅವಧಿ ಮುಗಿದಿರುವುದರಿಂದ ಹಸಿರು ಬರದೇ ಇರಬಹುದು. ಅಷ್ಟಕ್ಕೇ ಬಿಲ್ ನಕಲಿ ಎಂದಲ್ಲ. ಸಹಿಯ ಜೊತೆ ನಂಬಲರ್ಹ ಸಂಸ್ಥೆಯ ಟೈಮ್‌ಸ್ಟ್ಯಾಂಪ್ ಸೇರಿಸಿದ್ದರೆ, ಪ್ರಮಾಣಪತ್ರ ಚಾಲ್ತಿಯಲ್ಲಿದ್ದಾಗಲೇ ಸಹಿ ಆಗಿದೆ ಎಂಬುದು ಉಳಿಯುತ್ತದೆ. ಟೈಮ್‌ಸ್ಟ್ಯಾಂಪ್ ಇಲ್ಲದಿದ್ದರೆ ಸಹಿಯಲ್ಲಿ ಕಾಣುವ ಸಮಯ ಸಹಿದಾರನ ಕಂಪ್ಯೂಟರ್ ಗಡಿಯಾರದ್ದು, ಅದನ್ನು ಹಿಂದೆ ಮುಂದೆ ತಿರುಗಿಸಬಹುದು. ಬಿಲ್ಲಿನ ಪ್ರಿಂಟ್ ಫೈಲ್ ಮಾಡಿಟ್ಟರೆ ಸಾಲದು, ಮೇಲ್‌ನಲ್ಲಿ ಬಂದ ಮೂಲ ಪಿಡಿಎಫ್‌ನ್ನೇ ಉಳಿಸಿಕೊಳ್ಳಬೇಕು.

ಹಣ ಹೋಗಿಬಿಟ್ಟಿದ್ದರೆ

ಮೊದಲು 1930ಕ್ಕೆ ಕರೆ, ಜೊತೆಗೇ ತಮ್ಮ ಬ್ಯಾಂಕಿಗೆ ತಿಳಿಸುವುದು, ನಂತರ `cybercrime.gov.in` ನಲ್ಲಿ ದೂರು. ಹಣ ಆ ಖಾತೆಯಿಂದ ಬೇರೆ ಖಾತೆಗಳಿಗೆ ಹರಿದು ಹೋಗುವ ಮೊದಲು ತಡೆಹಿಡಿಯಬೇಕಾದ್ದರಿಂದ ಇಲ್ಲಿ ಗಂಟೆಗಳ ಲೆಕ್ಕ. ನಕಲಿ ಬಿಲ್ ಮತ್ತು ಅಸಲಿ ಬಿಲ್ ಎರಡನ್ನೂ, ಅವು ಬಂದ ಮೇಲ್‌ಗಳ ಸಮೇತ, ಅಳಿಸದೆ ಇಟ್ಟಿರಬೇಕು. ಅದೇ ದಿನ ಎರಡೂ ಕಡೆಯವರು ಇಮೇಲ್ ಪಾಸ್‌ವರ್ಡ್ ಬದಲಿಸಿ, ಬಂದ ಮೇಲ್‌ಗಳು ಅಪರಿಚಿತ ವಿಳಾಸಕ್ಕೆ ತಾವಾಗಿಯೇ ಹೋಗುವಂತೆ ಯಾರಾದರೂ ಸೆಟ್ಟಿಂಗ್ ಮಾಡಿಟ್ಟಿದ್ದಾರೆಯೇ ಎಂದು ನೋಡಬೇಕು. ಜಿಮೇಲ್‌ನಲ್ಲಿ ಅದು `Settings` ಒಳಗೆ `Forwarding and POP/IMAP` ಎಂಬಲ್ಲಿದೆ. ಆ ವಿಳಾಸ ತೆಗೆಯದಿದ್ದರೆ ಮುಂದಿನ ಬಿಲ್ಲೂ ಮೊದಲು ಕಳ್ಳನ ಕೈಗೇ ಹೋಗುತ್ತದೆ.